ಗೆದ್ದವರು ಹಣ ಕಟ್ಟಬೇಕೆ?



2024ರ ಅಕ್ಟೋಬರ್ ತಿಂಗಳ ಒಂದು ಸಂಜೆ, ನಮ್ಮ ಕೂಟಕ್ಕೆ ಬರುವ ಒಬ್ಬ ತಾಯಿ ಚಹಾ ಸೊಪ್ಪಿನ ತೂಕ ಮುಗಿಸಿಕೊಂಡು ನೇರವಾಗಿ ನನ್ನ ಮನೆಗೆ ಬಂದರು. ಕೂಟದ ಲೆಕ್ಕ ಬರೆಯುವವನು ನಾನಾದ್ದರಿಂದ ಸಾಲದ ಮಾತು ಮೊದಲು ನನ್ನ ಬಾಗಿಲಿಗೇ ಬರುತ್ತದೆ.

"ಅಣ್ಣ, 15,000 ರೂಪಾಯಿ ಬೇಕಾಗಿತ್ತು. ಒಂದು ವಾರದೊಳಗೆ ತಿರುಗಿಸಿ ಕೊಡುತ್ತೇನೆ" ಎಂದರು.

"ಯಾರಿಗಾದರೂ ಕಾಯಿಲೆಯೇ ಅಕ್ಕ?"

"ಇಲ್ಲ. ಯಾರಿಗೂ ಹೇಳಬೇಡಿ. ನನಗೆ ಓಣಂ ಬಂಪರಿನಲ್ಲಿ 5 ಲಕ್ಷ ಬಂದಿದೆ. ತೆರಿಗೆ ಕಟ್ಟಿದರೆ ಹಣ ಬಿಡುಗಡೆ ಮಾಡುತ್ತಾರಂತೆ."

ನಾನು ಟಿಕೆಟು ತೋರಿಸಿ ಎಂದೆ. ಅವರು ಸೆರಗಿನ ಗಂಟು ಬಿಚ್ಚಲಿಲ್ಲ, ಮಗನ ಮೊಬೈಲನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಟಿಕೆಟಿನ ಚಿತ್ರವಿತ್ತು. ಸರ್ಕಾರದ ಮುದ್ರೆಯಿದ್ದ ಒಂದು ಪತ್ರವೂ, ಅವರ ಹೆಸರು ಬರೆದ ಒಂದು ಚೆಕ್ಕಿನ ಚಿತ್ರವೂ ಇತ್ತು. ಇಲ್ಲದೇ ಇದ್ದದ್ದು ಒಂದೇ, ಟಿಕೆಟು.

ಈ ತಾಯಿ ಅವಿವೇಕಿಯಲ್ಲ. ಮೂರು ಮಕ್ಕಳನ್ನು ಕೂಲಿಯಲ್ಲೇ ಓದಿಸಿದವರು. ಹಾಗಾದರೆ ಹೇಗೆ ಸಿಕ್ಕಿಬಿದ್ದರು? ನೀಲಗಿರಿಯ ನಮ್ಮ ಕಡೆಯ ಸ್ಥಿತಿಯೇ ಅಂಥದು. ತಮಿಳುನಾಡಿನಲ್ಲಿ 2003ರಿಂದ ಲಾಟರಿ ಮಾರಾಟ ನಿಷೇಧವಾಗಿದೆ. ಗಡಿ ದಾಟಿದರೆ ವಯನಾಡು. ಅಲ್ಲಿ ಕೇರಳ ಸರ್ಕಾರದ ಲಾಟರಿ ಬೀದಿ ಬೀದಿಯಲ್ಲಿ ಸಿಗುತ್ತದೆ. ಆ ವರ್ಷದ ಓಣಂ ಬಂಪರಿನ 25 ಕೋಟಿ ರೂಪಾಯಿಯ ಮೊದಲ ಬಹುಮಾನ ಬಂದದ್ದು ಸುಲ್ತಾನ್ ಬತ್ತೇರಿಯಲ್ಲಿ ಮಾರಾಟವಾದ ಟಿಕೆಟಿಗೆ, ಗೆದ್ದವರು ಕರ್ನಾಟಕದ ಒಬ್ಬ ಕೆಲಸಗಾರರು. ಈ ಸುದ್ದಿ ಬಂದ ವಾರ ನಮ್ಮ ಲೈನುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಆದರೆ ಬತ್ತೇರಿಗೆ ಹೋಗಿಬರಲು ಬಸ್ಸಿನ ಖರ್ಚು ಬೇಕು, ಒಂದು ದಿನದ ಹಾಜರಿಯೂ ಹೋಗುತ್ತದೆ. "ಮನೆಯಲ್ಲೇ ಕುಳಿತು ಕೊಳ್ಳಿರಿ, ಟಿಕೆಟಿನ ಚಿತ್ರ ವಾಟ್ಸಾಪಿಗೆ ಕಳುಹಿಸುತ್ತೇವೆ" ಎಂದು ಮೊಬೈಲಿನಲ್ಲಿ ಬಂದ ಮಾತು ಈ ತಾಯಿಗೆ ಅನುಕೂಲವಾಗಿ ಕಂಡಿತು. 500 ರೂಪಾಯಿ ಕಳುಹಿಸಿದರು, ಚಿತ್ರ ಬಂತು.

ನಾವು ಮೊದಲು ತಿಳಿಯಬೇಕಾದದ್ದು ಇಲ್ಲಿಯೇ ಇದೆ. ಕೇರಳ ಲಾಟರಿ 1967ರಲ್ಲಿ ಆರಂಭವಾದಂದಿನಿಂದ ಅದು ಕಾಗದದ ಲಾಟರಿ. ಆನ್‌ಲೈನಿನಲ್ಲಿ ಮಾರುವುದಿಲ್ಲವೆಂದು ಆ ಇಲಾಖೆಯೇ ಮತ್ತೆ ಮತ್ತೆ ಸಾರಿದೆ. ಬಹುಮಾನ ಕೇಳುವವರು ಮೂಲ ಟಿಕೆಟಿನ ಹಿಂದೆ ಹೆಸರು, ವಿಳಾಸ ಬರೆದು, ಸಹಿ ಹಾಕಿ, ಡ್ರಾ ಆದ 30 ದಿನಗಳೊಳಗೆ ಆ ಕಾಗದವನ್ನೇ ಒಪ್ಪಿಸಬೇಕು. ಕಾಗದ ಯಾರ ಕೈಯಲ್ಲಿದೆಯೋ ಹಕ್ಕು ಅವರದು. ಟಿಕೆಟಿನ ಚಿತ್ರ ಇಟ್ಟುಕೊಂಡವರಿಗೆ ಯಾವ ಹಕ್ಕೂ ಇಲ್ಲ. ಒಂದೇ ಟಿಕೆಟಿನ ಚಿತ್ರವನ್ನು ನೂರು ಜನರಿಗೆ ಕಳುಹಿಸಿ ನೂರು ಜನರಿಂದಲೂ ಹಣ ಪಡೆಯಬಹುದು. ಆ ನೂರು ಜನರಿಗೆ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾಗುವುದೂ ಇಲ್ಲ.

"ಆದರೆ ಅಣ್ಣ, ನಂಬರು ಸರಿಯಾಗಿದೆ. ಮಗ ಪತ್ರಿಕೆಯಲ್ಲಿ ನೋಡಿದ" ಎಂದರು ಅವರು. ಮಗ ನೋಡಿದ್ದು ನಿಜವೇ. ಆದರೆ ಮೋಸದ ಕುಶಲವೆಲ್ಲಾ ಇರುವುದು ಅದರಲ್ಲೇ. ಫಲಿತಾಂಶ ಎಲ್ಲರಿಗೂ ತಿಳಿಯುವಂತೆ ಪ್ರಕಟವಾಗುತ್ತದಷ್ಟೆ. ವಂಚಕನು ಅದರಿಂದಲೇ ಗೆದ್ದ ಒಂದು ನಂಬರನ್ನು ತೆಗೆದು, ಚಿತ್ರದಲ್ಲಿ ಹಳೆಯ ನಂಬರನ್ನು ಅಳಿಸಿ, ಹೊಸದನ್ನು ಸೇರಿಸಿ ಕಳುಹಿಸುತ್ತಾನೆ. ಆ ನಂಬರಿನ ನಿಜವಾದ ಕಾಗದ ಬೇರೆ ಯಾರದೋ ಜೇಬಿನಲ್ಲಿರುತ್ತದೆ. ಆದುದರಿಂದ ನಂಬರು ಸರಿಯಿದೆಯೇ ಎಂದು ನೋಡಿದರೆ ಸಾಲದು. ಕಾಗದ ಕೈಯಲ್ಲಿದೆಯೇ ಎಂಬುದೇ ಪ್ರಶ್ನೆ. ಆ ಮೊಬೈಲಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ, ಹಣ ಕಳುಹಿಸಿದ ದಿನ ಬಂದ ಮೊದಲ ಚಿತ್ರವನ್ನು ಹುಡುಕಿ ತೆಗೆದೆವು. ಎರಡನ್ನೂ ಹೋಲಿಸಿದಾಗ ಕೊನೆಯ ಮೂರು ಅಂಕಿಗಳು ಬೇರೆಯಾಗಿದ್ದವು. ಆ ತಾಯಿ ಆಗ ಗೋಡೆಗೆ ಒರಗಿ ಕುಳಿತುಬಿಟ್ಟರು.

ಅಷ್ಟರಲ್ಲಾಗಲೇ ಅವರು 2,500 ರೂಪಾಯಿಯನ್ನು ಫೈಲಿನ ಖರ್ಚೆಂದೂ, 7,500 ರೂಪಾಯಿಯನ್ನು ಜಿ.ಎಸ್.ಟಿ. ಎಂದೂ ಕಳುಹಿಸಿ ಆಗಿತ್ತು. ಟಿಕೆಟಿನ ಹಣ ಸೇರಿ 10,500 ರೂಪಾಯಿ. ಈಗ ಕೇಳುತ್ತಿದ್ದ 15,000 "ತೆರಿಗೆ" ಕೊನೆಯದೂ ಆಗಿರುತ್ತಿರಲಿಲ್ಲ. ಮೊದಲು ಸಣ್ಣ ಮೊತ್ತ, ಬಳಿಕ ಅದಕ್ಕಿಂತ ದೊಡ್ಡದು. ಕಳುಹಿಸಿದ ಹಣ ಹಾಳಾಗಬಾರದೆಂಬ ಆಸೆಯೇ ಇನ್ನಷ್ಟು ಕಳುಹಿಸುವಂತೆ ಮಾಡುತ್ತದೆ.

ನಿಜವಾದ ತೆರಿಗೆ ಹೇಗೆ ನಡೆಯುತ್ತದೆ ನೋಡೋಣ. ಆ 25 ಕೋಟಿಯನ್ನೇ ತೆಗೆದುಕೊಳ್ಳಿರಿ. ಅದರಲ್ಲಿ ಏಜೆಂಟರಿಗೆ ಆಗ ನೂರಕ್ಕೆ 10ರಂತೆ 2.5 ಕೋಟಿ ಹೋಯಿತು. ಉಳಿದ 22.5 ಕೋಟಿಯಲ್ಲಿ ನೂರಕ್ಕೆ 30ರಂತೆ 6.75 ಕೋಟಿ ಆದಾಯ ತೆರಿಗೆ ಮುರಿದರು. ಗೆದ್ದವರ ಬ್ಯಾಂಕಿಗೆ ಉಳಿದದ್ದು 15.75 ಕೋಟಿ. ಅಷ್ಟು ದೊಡ್ಡ ಮೊತ್ತಕ್ಕೆ ಇನ್ನೂ ಸ್ವಲ್ಪ ತೆರಿಗೆ ಬೀಳುವುದುಂಟು. ಆದರೆ ಅದನ್ನು ಕಟ್ಟುವುದು ಹಣ ಕೈಗೆ ಬಂದ ಮೇಲೆ, ತೆರಿಗೆ ಇಲಾಖೆಗೆ. ಎಲ್ಲವೂ ಬಹುಮಾನದ ಒಳಗಿನಿಂದಲೇ ಹೋಗುತ್ತದೆ. ಬಹುಮಾನ ಪಡೆಯಲೆಂದು ಗೆದ್ದವರು ತಮ್ಮ ಗಂಟಿನಿಂದ ಮುಂಗಡವಾಗಿ ಒಂದು ಕಾಸನ್ನೂ ಕಟ್ಟಬೇಕಾಗಿಲ್ಲ. ಜಿ.ಎಸ್.ಟಿ.ಯಂತೂ ಟಿಕೆಟಿನ ಬೆಲೆಯಲ್ಲೇ ಸೇರಿರುತ್ತದೆ.

ಇದೇ ಲೆಕ್ಕವನ್ನು 5 ಲಕ್ಷಕ್ಕೆ ಹಾಕಿರಿ. ಏಜೆಂಟರ ಪಾಲು 50,000. ಉಳಿದ 4,50,000ಕ್ಕೆ ತೆರಿಗೆ 1,35,000. ಕೈಗೆ ಬರುವುದು 3,15,000. ವಂಚಕನು ತೆರಿಗೆಯೆಂದು ಕೇಳಿದ್ದು 15,000. ತೆರಿಗೆಯ ಲೆಕ್ಕವೂ ಅವನಿಗೆ ಗೊತ್ತಿರಲಿಲ್ಲ. ಇವರ ಬಳಿ ಎಷ್ಟು ಸಾಲ ಹುಟ್ಟೀತು ಎಂಬ ಲೆಕ್ಕ ಮಾತ್ರ ಚೆನ್ನಾಗಿ ಗೊತ್ತಿತ್ತು. ಸಾಲದ್ದಕ್ಕೆ ಆ "ತೆರಿಗೆ"ಯನ್ನು ಯಾರೋ ಒಬ್ಬ ವ್ಯಕ್ತಿಯ ಯು.ಪಿ.ಐ. ಖಾತೆಗೆ ಹಾಕಬೇಕಂತೆ. ಸರ್ಕಾರದ ತೆರಿಗೆ ಒಬ್ಬ ವ್ಯಕ್ತಿಯ ಖಾತೆಗೆ ಹೋಗುವುದುಂಟೆ? ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಿಕೊಡಿರಿ: ಮೊಬೈಲಿನಲ್ಲಿ ಗುಪ್ತ ಪಿನ್ ಒತ್ತುವುದು ನಮ್ಮ ಹಣ ಹೊರಗೆ ಹೋಗುವುದಕ್ಕೆ. ನಮಗೆ ಹಣ ಬರಬೇಕಾದರೆ ಪಿನ್ ಬೇಕಾಗಿಲ್ಲ.

ಆ ರಾತ್ರಿಯೇ 1930 ಎಂಬ ಸಂಖ್ಯೆಗೆ ದೂರು ಕೊಟ್ಟೆವು. ಇದು ಮೊಬೈಲು ಮತ್ತು ಇಂಟರ್ನೆಟ್ಟಿನ ಹಣದ ಮೋಸಗಳಿಗಾಗಿ ಇರುವ ಸರ್ಕಾರದ ದೂರವಾಣಿ. ಹಣ ಕಳುಹಿಸಿದ ಕೆಲವೇ ಗಂಟೆಗಳಲ್ಲಿ ತಿಳಿಸಿದರೆ, ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಾವು ಒಂಬತ್ತು ದಿನ ತಡವಾಗಿದ್ದೆವು, ಹಣ ಬರಲಿಲ್ಲ. "ಯಾರಿಗೂ ಹೇಳಬೇಡಿ" ಎಂದು ಆ ವಂಚಕನೇ ಕಲಿಸಿಕೊಟ್ಟಿದ್ದನು. ಆ ಒಂಬತ್ತು ದಿನಗಳ ಮೌನವೇ ಅವನ ಕೆಲಸ ಮಾಡಿಕೊಟ್ಟಿತು.

ಇನ್ನು ನಮ್ಮ ಅಂಗಳಕ್ಕೇ ಬರುತ್ತೇನೆ. ಕೆಲವರಿಗೆ ಕೋಪ ಬರಬಹುದು, ಆದರೂ ಬರೆಯುತ್ತೇನೆ. ಲಾಟರಿ ಬೇಡವೆನ್ನುವ ನಾವು ಧರ್ಮಕಾರ್ಯದ ಕೂಪನ್ ಎಂದರೆ ಕಣ್ಣು ಮುಚ್ಚಿ ಕೊಳ್ಳುತ್ತೇವೆ. ಒಂದು ಮಗುವಿನ ಶಸ್ತ್ರಚಿಕಿತ್ಸೆಗೆ ಸಹಾಯ, 100 ರೂಪಾಯಿಯ ಕೂಪನ್, ಮೊದಲ ಬಹುಮಾನ ಸ್ಕೂಟರು ಎಂಬ ಚಿತ್ರ ನಮ್ಮ ಕೂಟದ ವಾಟ್ಸಾಪಿಗೂ ಬಂದಿತ್ತು. ನಮ್ಮಲ್ಲೇ ಹಲವರು ಅದನ್ನು ಮುಂದಕ್ಕೆ ಕಳುಹಿಸಿದರು. ಅದು ಮೋಸವೆಂದು ನಾನು ಹೇಳುವುದಿಲ್ಲ. ಅದು ನಿಜವೇ ಎಂದು ಇಟ್ಟುಕೊಂಡು ಲೆಕ್ಕ ಮಾಡೋಣ. 2,000 ಕೂಪನ್ ಮಾರಿದರೆ 2 ಲಕ್ಷ. ಸ್ಕೂಟರಿಗೆ ಸುಮಾರು 1 ಲಕ್ಷ ಬೇಕು. ಉಳಿದ ಬಹುಮಾನ, ಓಡಾಟ ಎಂದು ಕಳೆದರೆ ಮಗುವಿಗೆ ಅರ್ಧಕ್ಕಿಂತ ಕಡಿಮೆ. 1,000 ಮಾತ್ರ ಮಾರಿದರೆ ಬಂದದ್ದೆಲ್ಲ ಸ್ಕೂಟರಿಗೇ ಸರಿ. ಮಗುವಿನ ಹೆಸರಿನಲ್ಲಿ ಅಂಗಡಿಗೆ ಒಂದು ವ್ಯಾಪಾರವಾಯಿತು, ಅಷ್ಟೇ.

ಅಂಥ ಕೂಪನ್ ತಂದವರನ್ನು ಮೂರು ಮಾತು ಕೇಳಿರಿ. ಒಟ್ಟು ಎಷ್ಟು ಕೂಪನ್? ಮಾರಾಟವಾಗದೆ ಉಳಿದವನ್ನು ಚೀಟಿ ಎತ್ತುವ ಮೊದಲು ಎಲ್ಲರೆದುರು ತೆಗೆದಿಡುತ್ತೀರಾ? ಮಗು ಯಾವ ಆಸ್ಪತ್ರೆಯಲ್ಲಿದೆ, ಅಲ್ಲಿನ ಬಿಲ್ಲಿಗೆ ನಾವೇ ನೇರವಾಗಿ ಕಟ್ಟಬಹುದೆ? ಎರಡನೆಯ ಮಾತು ಸಣ್ಣದಲ್ಲ. ಮಾರಾಟವಾಗದ ಕೂಪನ್‌ಗಳೂ ಡಬ್ಬಿಯಲ್ಲಿದ್ದರೆ ಬಹುಮಾನ ನಡೆಸುವವರಿಗೇ ಬಂದೀತು. ಮೂರನೆಯ ಮಾತಿಗೆ ತೊದಲಿದರೆ ಅಲ್ಲಿಗೇ ಕೈ ಮುಗಿಯಿರಿ. ಪ್ರಾಮಾಣಿಕರೇ ನಡೆಸಿದರೂ ಕಾನೂನಿನ ಮಾತು ಬೇರೆ ಇದೆ. ರಾಜ್ಯ ಸರ್ಕಾರ ನಡೆಸಿದ ಅಥವಾ ಅನುಮತಿ ಕೊಟ್ಟ ಲಾಟರಿಯಲ್ಲದೆ ಬೇರೆ ಲಾಟರಿ ನಡೆಸುವುದು ಭಾರತೀಯ ನ್ಯಾಯ ಸಂಹಿತೆಯ 297ನೆಯ ಕಲಮಿನಂತೆ ಅಪರಾಧ. ಹಾಗೆ ಬಹುಮಾನ ಕೊಡುವೆವೆಂದು ಪ್ರಕಟಿಸುವುದಕ್ಕೂ 5,000 ರೂಪಾಯಿಯವರೆಗೆ ದಂಡವುಂಟು. ಆದುದರಿಂದ ಮುಂದಕ್ಕೆ ಕಳುಹಿಸುವ ಬೆರಳೂ ಎಚ್ಚರವಾಗಿರಲಿ.

ಅಪೊಸ್ತಲರು ಮತ್ತೀಯನನ್ನು ಚೀಟಿ ಹಾಕಿಯೇ ಆರಿಸಲಿಲ್ಲವೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಆರಿಸಿದರು, ನಿಜ. ಆದರೆ ಅಲ್ಲಿ ಯಾರೂ ಚೀಟಿಗೆ ಹಣ ಕೊಟ್ಟಿರಲಿಲ್ಲ. ಗೆದ್ದವನಿಗೆ ಸಿಕ್ಕಿದ್ದು ಸ್ಕೂಟರಲ್ಲ, ಸೇವೆಯ ಹೊರೆ.

ನನ್ನ ಅಭಿಪ್ರಾಯವಿಷ್ಟು. ಈ ವರ್ಷದ ಸುಗ್ಗಿ ಹಬ್ಬದಿಂದ ನಮ್ಮ ಸಭೆಯ ಅದೃಷ್ಟ ಚೀಟಿಯನ್ನು ನಿಲ್ಲಿಸೋಣ. ಕುಂಬಳಕಾಯಿ, ಬಾಳೆಗೊನೆ, ಕೋಳಿಗಳ ಏಲಂ ಇದ್ದೇ ಇದೆ. ಅಲ್ಲಿ ಕೊಟ್ಟವರಿಗೂ ಗೊತ್ತು, ಕೊಂಡವರಿಗೂ ಗೊತ್ತು, ಹಣ ಎಲ್ಲಿಗೆ ಹೋಯಿತೆಂದು ಸಭೆಗೂ ಗೊತ್ತು. ಕಾಯಿಲೆಯ ಮಗುವಿಗೆ ಕೊಡಬೇಕಾದರೆ ಬಹುಮಾನದ ಆಸೆಯಿಲ್ಲದೆ ಕೊಡೋಣ, ಆಸ್ಪತ್ರೆಯ ರಸೀದಿ ತಂದು ಕೂಟದಲ್ಲಿ ಓದೋಣ.

ಆ ತಾಯಿಯ ನಷ್ಟವನ್ನು ಕೂಟ ತುಂಬಿಕೊಡಲಿಲ್ಲ. ಅವರೂ ಕೇಳಲಿಲ್ಲ. ಮೂರು ಬಟವಾಡೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸಾಲ ತೀರಿಸಿದರು. ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟರು. "ಹೆಸರು ಬೇಡ ಅಣ್ಣ. ಆದರೆ ಫೋನು ಬಂದ ದಿನವೇ ಬಂದು ನಿಮ್ಮನ್ನು ಕೇಳಬೇಕಾಗಿತ್ತು ಅಂತ ಮಾತ್ರ ಬರೆಯಿರಿ" ಎಂದರು. ಬರೆದಿದ್ದೇನೆ.