ಕೇಳಬೇಕಿದ್ದದ್ದು ಒಂದು ಸಾಲು, ಕೊಟ್ಟದ್ದು ಮನೆಯ ದಾಖಲೆಯೆಲ್ಲ

ಮೊನ್ನೆ ಪಕ್ಕದ ಹಳ್ಳಿಯ ಪರಿಚಯದವರೊಬ್ಬರು ಟೀ ಅಂಗಡಿಯಲ್ಲಿ ಸಿಕ್ಕರು. ಎಂಟನೇ ತರಗತಿ ಓದುವ ಮಗಳಿಗೆ ವಿದ್ಯಾರ್ಥಿವೇತನ ಬಂದಿರಲಿಲ್ಲವಂತೆ. ಸೈಬರ್ ಸೆಂಟರಿನವರು ಪೋರ್ಟಲ್ ನೋಡಿ ಒಂದು ಪ್ರಿಂಟ್ ತೆಗೆದುಕೊಟ್ಟಿದ್ದರು. ಅದರಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು: `Aadhaar not seeded`. ಅರ್ಥವಾಗಲಿಲ್ಲ.

"ಬ್ಯಾಂಕಲ್ಲಿ ಕೇಳಿದ್ರೆ ನಾಳೆ ಬಾ ಅಂತಾರೆ ಸರ್. ಇದುಕ್ಕೆ ಕೇಳ್ದೆ, ಒಂದೇ ನಿಮಿಷಕ್ಕೆ ಹೇಳ್ತು" ಅಂತ ಫೋನ್ ತೋರಿಸಿದರು. ಎಐ ಆ್ಯಪ್. ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಸರ್ಕಾರದ ಹಣ ಆಧಾರ್ ಆಧಾರದ ಮೇಲೆ ಬರಬೇಕಾದರೆ, ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ಎನ್‌ಪಿಸಿಐ ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಹಣ ಬರುವುದಿಲ್ಲ. ಬ್ಯಾಂಕ್ ಶಾಖೆಯಲ್ಲಿ ಆಧಾರ್ ಸೀಡಿಂಗ್ ಫಾರ್ಮ್ ತುಂಬಿಕೊಡಬೇಕು. ಇಷ್ಟೇ.

ನಮಗೆ ತಲೆಬಿಸಿಯಾದದ್ದು ಉತ್ತರ ನೋಡಿ ಅಲ್ಲ, ಅದರ ಮೇಲಿದ್ದ ಫೋಟೋ ನೋಡಿ. ಮಂಚದ ಮೇಲೆ ಮಗಳ ಆಧಾರ್ ಕಾರ್ಡು, ಪಾಸ್‌ಪೋರ್ಟ್ ಸೈಜಿನ ಫೋಟೋ, ಪಾಸ್‌ಬುಕ್ಕಿನ ಮೊದಲ ಪುಟ, ಆ ಪ್ರಿಂಟು, ನಾಲ್ಕನ್ನೂ ಸಾಲಾಗಿ ಇಟ್ಟು ಒಂದೇ ಫೋಟೋ ಹೊಡೆದು ಹಾಕಿದ್ದರು. ಹುಡುಗಿಯ ಮುಖ, ಹುಟ್ಟಿದ ದಿನ, ಮನೆ ವಿಳಾಸ, ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಎಲ್ಲ ಒಂದೇ ಚಿತ್ರದಲ್ಲಿ. ಅವರ ಪ್ರಶ್ನೆಗೆ ಬೇಕಾಗಿದ್ದದ್ದು ಇಂಗ್ಲಿಷಿನ ಆ ಮೂರು ಪದ ಮಾತ್ರ. ಅದನ್ನಷ್ಟೇ ಟೈಪ್ ಮಾಡಿ ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತು.

ಎಐ ಕಂಪನಿಯವರು ಈ ಹುಡುಗಿಯ ಖಾತೆಗೆ ಕೈ ಹಾಕುತ್ತಾರೆ ಅಂತ ನಾವು ಹೆದರಿಸುತ್ತಿಲ್ಲ. ನಮ್ಮ ತಕರಾರು ಪ್ರತಿಯ ಬಗ್ಗೆ. ನಾವು ಹಾಕಿದ ಫೋಟೋ ನಮ್ಮ ಫೋನಿನಲ್ಲಿ ಕೆಲಸ ಮುಗಿಸಿ ಹೋಗುವುದಿಲ್ಲ, ಕಂಪನಿಯ ಕಂಪ್ಯೂಟರಿಗೆ ಹೋಗಿ ನಮ್ಮ ಹೆಸರಿನ ಖಾತೆಯಲ್ಲಿ ಕೂತಿರುತ್ತದೆ. ಜೆಮಿನಿಯ ಗೌಪ್ಯತೆ ಪುಟದಲ್ಲಿ ಗೂಗಲ್ ತಾನೇ ಹೇಳಿಕೊಂಡಿದೆ: ಕೆಲವು ಸಂಭಾಷಣೆಗಳನ್ನು ಮನುಷ್ಯರು ಓದಿ ಪರಿಶೀಲಿಸುತ್ತಾರೆ, ಹಾಗೆ ಪರಿಶೀಲಿಸಿದ್ದನ್ನು ನಾವು ಅಳಿಸಿದರೂ 3 ವರ್ಷದವರೆಗೆ ಇಟ್ಟುಕೊಳ್ಳಬಹುದು, ಗುಟ್ಟಿನ ವಿಷಯ ಹಾಕಬೇಡಿ. ಕಂಪನಿಯವರೇ ಹಾಕಬೇಡಿ ಅಂದಮೇಲೆ ನಾವು ಹೇಳುವುದೇನಿದೆ! ಚಾಟ್‌ಜಿಪಿಟಿಯಲ್ಲಿ `Settings` ಒಳಗೆ `Data controls` ಎಂಬಲ್ಲಿ `Improve the model for everyone` ಅಂತ ಒಂದು ಗುಂಡಿಯಿದೆ. ಅದನ್ನು ಬಂದ್ ಮಾಡಿದರೆ ಅಲ್ಲಿಂದ ಮುಂದಿನ ಮಾತುಕತೆಯನ್ನು ಎಐಗೆ ಕಲಿಸಲು ಬಳಸುವುದಿಲ್ಲ. ಬಂದ್ ಮಾಡಿ, ಒಳ್ಳೆಯದೇ. ಆದರೆ ಗುಂಡಿ ಬಂದ್ ಮಾಡಿದ್ದೇವೆ ಅಂತ ಆಧಾರ್ ಹಾಕುವುದಲ್ಲ.

ಇನ್ನು ನಮ್ಮ ಕಡೆಯ ಮನೆಗಳಲ್ಲಿ ಫೋನ್ ಒಂದೇ. ಮಗ ಗೇಮ್ ಆಡುವುದು, ಅತ್ತೆ ವಿಡಿಯೋ ನೋಡುವುದು, ರಿಪೇರಿಗೆ ಅಂಗಡಿಗೆ ಕೊಡುವುದು ಎಲ್ಲ ಅದನ್ನೇ. ಆ್ಯಪ್ ತೆರೆದರೆ ಹಳೆಯ ಚಾಟ್, ಅದರೊಳಗಿನ ಫೋಟೋ, ಯಾರಿಗೆ ಬೇಕಾದರೂ ಸಿಗುತ್ತದೆ.

ಬರೀ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಗೊತ್ತಾದರೆ ಯಾರೂ ಹಣ ತೆಗೆಯಲಾಗದು, ಹಾಕಬಹುದು ಅಷ್ಟೇ. ಕಷ್ಟ ಶುರುವಾಗುವುದು ಎಲ್ಲ ಒಟ್ಟಿಗೆ ಸಿಕ್ಕಾಗ. ಮಗುವಿನ ಹೆಸರು, ಶಾಲೆ, ಬ್ಯಾಂಕು ಮೂರೂ ಗೊತ್ತಿರುವವನು ಫೋನ್ ಮಾಡಿ "ನಿಮ್ಮ ಮಗಳ ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿ" ಅಂದರೆ ಯಾವ ತಾಯಿ ನಂಬುವುದಿಲ್ಲ ಹೇಳಿ?

ಇದಕ್ಕಿಂತ ದೊಡ್ಡದು ಹೆಬ್ಬೆಟ್ಟು. ಎಇಪಿಎಸ್ ಅಂತ ಒಂದು ವ್ಯವಸ್ಥೆಯಿದೆ. ಬ್ಯಾಂಕ್ ಮಿತ್ರರ ಹತ್ತಿರ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಹೇಳಿ ಬೆರಳು ಒತ್ತಿದರೆ ಹಣ ಕೊಡುತ್ತಾರಲ್ಲ, ಅದೇ. ಅಲ್ಲಿ ಪಿನ್ ಇಲ್ಲ, ಓಟಿಪಿ ಇಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಬಳಸಿ ಜನರ ಖಾತೆಯಿಂದ ಹೀಗೆ ಹಣ ಎತ್ತಿದ ಪ್ರಕರಣಗಳು ದಾಖಲಾದವು. ಅಂದರೆ ಕಾಗದದ ಮೇಲಿನ ಹೆಬ್ಬೆಟ್ಟಿನ ಗುರುತೂ ಬೀಗದ ಕೈಯೇ. ಅಜ್ಜಿಯ ಸಾಲದ ಪತ್ರ, ಕ್ರಯಪತ್ರ ಇವನ್ನು "ಏನು ಬರೆದಿದೆ ಓದಿ ಹೇಳು" ಅಂತ ಫೋಟೋ ಹಾಕುವ ಮೊದಲು ಹೆಬ್ಬೆಟ್ಟು ಎಲ್ಲಿದೆ ನೋಡಿ.

ಟೈಪ್ ಮಾಡಲು ಆಗದಷ್ಟು ಉದ್ದದ ಪತ್ರವಾದರೆ ಫೋಟೋ ಹೊಡೆಯುವ ಮೊದಲೇ ಕಾಗದದ ಮೇಲೆ ಕಾಗದ ಮುಚ್ಚಿ. ಹಳೆ ನೋಟ್‌ಬುಕ್ಕಿನ ತುಂಡು ಸಾಕು. ಹೆಸರು, ಸಂಖ್ಯೆ, ಸಹಿ, ಹೆಬ್ಬೆಟ್ಟು ಮುಚ್ಚಿ, ಕೇಳಬೇಕಾದ ಪ್ಯಾರಾ ಮಾತ್ರ ಕಾಣಲಿ. ಫೋನಿನ ಎಡಿಟಿನಲ್ಲಿ ಕಪ್ಪು ಪೆನ್ನಿನಿಂದ ಗೀಚುವುದನ್ನು ನಾವು ನಂಬುವುದಿಲ್ಲ. ಹೈಲೈಟರ್ ತರಹದ ಪೆನ್ನಾದರೆ ಬಣ್ಣ ತೆಳು, ಚಿತ್ರದ ಬೆಳಕು ಹೆಚ್ಚಿಸಿದರೆ ಕೆಳಗಿನ ಅಂಕಿ ಮತ್ತೆ ಎದ್ದು ಬರುತ್ತದೆ. ಆಧಾರಿನಲ್ಲಿ ಇನ್ನೊಂದು ಮೋಸವಿದೆ. 12 ಅಂಕಿ ಮುಚ್ಚಿ ಪಕ್ಕದ ಕ್ಯೂಆರ್ ಚೌಕ ಬಿಟ್ಟುಬಿಡುತ್ತಾರೆ. ಹೆಸರು, ಜನ್ಮದಿನಾಂಕ, ವಿಳಾಸ ಅದರೊಳಗೂ ಇದೆ. ಹಳೆಯ ಕಾರ್ಡುಗಳ ಕ್ಯೂಆರ್‌ನಲ್ಲಿ ಪೂರ್ತಿ ಸಂಖ್ಯೆಯೇ ಇದೆ.

ಮಕ್ಕಳ ಫೋಟೋ ವಿಷಯದಲ್ಲಿ ಮುಚ್ಚುವುದಕ್ಕೂ ಏನೂ ಉಳಿಯುವುದಿಲ್ಲ, ಮುಖವೇ ವಿಷಯ. 2025ರಲ್ಲಿ ಮೊದಲು ಜಿಬ್ಲಿ ಕಾರ್ಟೂನು, ಆಮೇಲೆ ರೆಟ್ರೋ ಸೀರೆ ಅಂತ ಊರಿಗೆ ಊರೇ ಫೋಟೋ ಹಾಕಿತು. ನಾವೂ ನಮ್ಮದೊಂದು ಹಾಕಿ ನಕ್ಕಿದ್ದೇವೆ, ಸುಳ್ಳೇಕೆ. ಅದು ನಮ್ಮ ಮುಖ, ನಮ್ಮ ಇಷ್ಟ. ಆದರೆ ಶಾಲಾ ವಾರ್ಷಿಕೋತ್ಸವದ ಗುಂಪು ಫೋಟೋವನ್ನು, ಹಿಂದೆ ಶಾಲೆಯ ಬೋರ್ಡ್ ಕಾಣುವಂತೆ, ಮೇಷ್ಟ್ರೊಬ್ಬರು ಹಾಗೆ ಹಾಕಿ ಗ್ರೂಪಿಗೆ ಕಳಿಸಿದಾಗ ಅದು ಮೂವತ್ತು ಮನೆಯ ಮಕ್ಕಳ ಮುಖ. ಯಾರನ್ನು ಕೇಳಿದರು? ಪಿನ್ ಸೋರಿದರೆ ಬದಲಿಸಬಹುದು, ಮಗುವಿನ ಮುಖ ಬದಲಿಸಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಕಂಪನಿಗಳು ಹೆತ್ತವರ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಮೇಷ್ಟ್ರು ಪೋಷಕರ ಸಭೆಯಲ್ಲಿ ಒಂದು ಮಾತು ಕೇಳಿದರೆ ಏನೂ ಕಳೆದುಹೋಗುವುದಿಲ್ಲ.

ಆ ಪರಿಚಯದವರ ಜೊತೆ ಅಲ್ಲೇ ಕೂತು ಒಂದೊಂದೇ ಮಾಡಿದೆವು. ಮೊದಲು ಆ ಚಾಟ್ ಅಳಿಸಿದರು. ಗ್ಯಾಲರಿಯಲ್ಲಿ ಅದೇ ಫೋಟೋ ಇತ್ತು, ಅಳಿಸಿದರು. ಗೂಗಲ್ ಫೋಟೋಸ್‌ನ ಬಿನ್‌ನಲ್ಲಿ ಬ್ಯಾಕಪ್ ಆದ ಫೋಟೋ 60 ದಿನ ಉಳಿಯುತ್ತದೆ, ಅಲ್ಲಿಂದಲೂ ತೆಗೆದರು. ಆಮೇಲೆ `myaadhaar.uidai.gov.in` ತೆರೆದು, ಆಧಾರಿಗೆ ಕೊಟ್ಟ ಮೊಬೈಲಿಗೆ ಬಂದ ಓಟಿಪಿ ಹಾಕಿ ಮಗಳ ಬಯೋಮೆಟ್ರಿಕ್ ಲಾಕ್ ಮಾಡಿದೆವು. ಲಾಕ್ ಇದ್ದಾಗ ಆ ಆಧಾರಿನ ಹೆಬ್ಬೆಟ್ಟು ಎಲ್ಲೂ ನಡೆಯುವುದಿಲ್ಲ. ಅವರು ತಮ್ಮದೂ ಮಾಡಿ ಅಂದರು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ಬೆರಳು ಒತ್ತುವುದು ಯಾರು ಅಂತ ಕೇಳಿದೆವು. ಅವರೇ. ಹಾಗಾದರೆ ಪ್ರತಿ ತಿಂಗಳು ಅಂಗಡಿಗೆ ಹೋಗುವ ಮೊದಲು ಅನ್‌ಲಾಕ್ ಮಾಡಬೇಕು, ಇಲ್ಲದಿದ್ದರೆ ಅಕ್ಕಿ ಇಲ್ಲ. ಸ್ವಲ್ಪ ಯೋಚಿಸಿ, "ಮನೇಲಿ ಕೇಳ್ಕೊಂಡು ಬರ್ತೀನಿ ಸರ್" ಅಂದರು.

ಫಾರ್ಮನ್ನು ಮರುದಿನವೇ ಬ್ಯಾಂಕಿಗೆ ಕೊಟ್ಟು ಬಂದರಂತೆ. ಆ ಫೋಟೋವನ್ನು ಹೆಂಡತಿಯ ವಾಟ್ಸ್ಆ್ಯಪಿಗೂ ಕಳಿಸಿದ್ದು ರಾತ್ರಿ ನೆನಪಾಯಿತಂತೆ.