ಹೆದರಿಸದೆ ಕರೆಯುವ ಒಂದು ಪ್ಯಾರಾ

ಮಾರ್ಚ್ ಕೊನೆಗೆ ಶಾಲೆಯ ಫಲಿತಾಂಶ ಬಂದು, ಏಪ್ರಿಲ್‌ನಲ್ಲಿ ಹೊಸ ತರಗತಿ ಶುರುವಾಗುವ ಹೊತ್ತಿಗೆ ನಮ್ಮೆಲ್ಲರ ವಾಟ್ಸಾಪ್ ಗುಂಪುಗಳಿಗೆ ಒಂದೇ ಜಾತಿಯ ಸಂದೇಶಗಳು ಬಂದು ಬೀಳುತ್ತವೆ. ‘ನಿಮ್ಮ ಮಗು ಹಿಂದೆ ಬೀಳುತ್ತಿದೆಯೇ?’ ಎಂದು ಆರಂಭ, ‘ಇಂದೇ ಸೇರಿ, ಸೀಟು ಕೆಲವೇ’ ಎಂದು ಮುಕ್ತಾಯ. ಎರಡರ ನಡುವೆ ಯಾರು ಪಾಠ ಮಾಡುತ್ತಾರೆ, ಎಷ್ಟು ಹೊತ್ತಿಗೆ, ಎಷ್ಟು ದುಡ್ಡು ಎಂಬ ಮೂರು ಮಾತು ಹುಡುಕಿದರೂ ಸಿಗುವುದಿಲ್ಲ. ಮನೆಪಾಠದ ಆಪ್‌ ಕಟ್ಟುವ ಹುಡುಗರು ನಮ್ಮವರಲ್ಲೂ ಈಗ ಇದ್ದಾರೆ. ಪೋಷಕರಿಗಾಗಿ ಅವರು ಬರೆಯುವ ಆ ಒಂದು ಪ್ಯಾರಾದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಹೆದರಿಸಿ ಬರೆದ ಪ್ಯಾರಾ ಮೊದಲ ತಿಂಗಳು ಮಾರಾಟ ತರುತ್ತದೆ, ಮೂರನೇ ತಿಂಗಳು ಹೆಸರು ಕೆಡಿಸುತ್ತದೆ. ಬಹ್ರೇನ್‌ನಂಥ ಚಿಕ್ಕ ದೇಶದಲ್ಲಿ ಹೆಸರು ಕೆಡಲು ಮೂರು ತಿಂಗಳೂ ಬೇಡ.

ಹೆದರಿಸುವ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉದಾಹರಣೆ ಚೀನಾದಲ್ಲಿದೆ. 2021ರ ಆರಂಭದಲ್ಲಿ ಅಲ್ಲಿನ ಜನ ಒಂದು ವಿಚಿತ್ರ ಗಮನಿಸಿದರು. ನಾಲ್ಕು ಬೇರೆ ಬೇರೆ ಆನ್‌ಲೈನ್ ಟ್ಯೂಷನ್ ಕಂಪನಿಗಳ ಜಾಹೀರಾತಿನಲ್ಲಿ ಒಬ್ಬಳೇ ಹಿರಿಯ ನಟಿ ಒಂದು ಕಡೆ ಗಣಿತದ ಅನುಭವಿ ಶಿಕ್ಷಕಿ, ಇನ್ನೊಂದು ಕಡೆ ಇಂಗ್ಲಿಷ್ ಶಿಕ್ಷಕಿ. ನೀವು ಸೇರಿಸದಿದ್ದರೆ ನಿಮ್ಮ ಮಗುವಿನ ಎದುರಾಳಿಯನ್ನು ನಾವು ತಯಾರು ಮಾಡುತ್ತೇವೆ ಎಂಬ ಅರ್ಥದ ಘೋಷಣೆಯೂ ಅಲ್ಲಿ ಓಡಾಡುತ್ತಿತ್ತು. ಅದೇ ವರ್ಷ ಜುಲೈಯಲ್ಲಿ ಸರ್ಕಾರ ಶಾಲಾ ವಿಷಯಗಳ ಖಾಸಗಿ ಟ್ಯೂಷನ್ ಲಾಭದ ವ್ಯಾಪಾರವಾಗಬಾರದೆಂದು ಕಟ್ಟಿಹಾಕಿತು. ಜಾಹೀರಾತೊಂದೇ ಅದಕ್ಕೆ ಕಾರಣವಲ್ಲ, ಆದರೆ ಜನರ ಸಿಟ್ಟಿಗೆ ಜಾಹೀರಾತು ಎಣ್ಣೆ ಹೊಯ್ದದ್ದು ನಿಜ.

ನಮ್ಮ ಬೆಂಗಳೂರಿನ ಬೈಜೂಸ್ ಕಥೆ ನಿಮಗೆ ಗೊತ್ತೇ ಇದೆ. 2022ರಲ್ಲಿ ಇಲ್ಲೇ ಪಕ್ಕದ ಕತಾರ್‌ನಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್‌ನ ಬೋರ್ಡುಗಳ ಮೇಲೆ ಅದರ ಹೆಸರಿತ್ತು. ಅದೇ ಡಿಸೆಂಬರ್‌ನಲ್ಲಿ ಪೋಷಕರಿಗೆ ಒತ್ತಾಯದಿಂದ ಕೋರ್ಸ್ ಮಾರಿದ ದೂರಿನ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಅದರ ಮುಖ್ಯಸ್ಥರನ್ನು ಕರೆಸಿತು. 2024ರ ಜುಲೈಯಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಅದನ್ನು ದಿವಾಳಿ ಪ್ರಕ್ರಿಯೆಗೆ ಸೇರಿಸಿತು. ದಿವಾಳಿಗೆ ಕಾರಣ ಬೇರೆ ಹಲವಿವೆ. ನನಗೆ ಇಲ್ಲಿ ಬೇಕಾದದ್ದು ಒಂದೇ: ಅಂಥ ದೊಡ್ಡ ಕಂಪನಿಯ ಮೇಲೂ ಪೋಷಕರು ಮೊದಲು ಹೇಳಿದ ದೂರು ಪಾಠದ ಬಗ್ಗೆ ಅಲ್ಲ, ಮಾರಿದ ರೀತಿಯ ಬಗ್ಗೆ.

ಅದೇ ಬೆಂಗಳೂರಿನಲ್ಲಿ ಅದಕ್ಕೂ ಮುಂಚೆ ಇನ್ನೊಂದು ಕಂಪನಿ ಇತ್ತು, ಟ್ಯೂಟರ್‌ವಿಸ್ಟಾ. ಕೆ. ಗಣೇಶ್ 2005ರಲ್ಲಿ ಆರಂಭಿಸಿದ್ದು. ಭಾರತದಲ್ಲಿ ಮನೆಯಲ್ಲೇ ಕೂತ ಶಿಕ್ಷಕರು ಅಮೆರಿಕದ ಮಕ್ಕಳಿಗೆ ಇಂಟರ್‌ನೆಟ್‌ನಲ್ಲಿ ಪಾಠ ಹೇಳುತ್ತಿದ್ದರು. ಅಮೆರಿಕದ ಪೋಷಕರಿಗೆ ಅವರು ಮುಂದಿಟ್ಟದ್ದು ಬಹಳ ಸಣ್ಣ ಮಾತು: ತಿಂಗಳಿಗೆ ಸುಮಾರು 100 ಡಾಲರ್, ಎಷ್ಟು ಗಂಟೆ ಬೇಕಾದರೂ ಪಾಠ. ಅಲ್ಲಿ ಮನೆಗೆ ಬರುವ ಶಿಕ್ಷಕರು ಒಂದೊಂದು ಗಂಟೆಗೇ 40 ಡಾಲರ್ ಕೇಳುತ್ತಿದ್ದ ಕಾಲ. ಓದಿದ ತಾಯಿ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳುತ್ತಿದ್ದಳು, ಯಾರೂ ಅವಳನ್ನು ಹೆದರಿಸಬೇಕಾಗಿರಲಿಲ್ಲ. ಮನವೊಲಿಸುವುದು ಎಂದರೆ ಇದು. ಓದುವವರು ತಾವೇ ಲೆಕ್ಕ ಮಾಡಿ ತಾವೇ ತೀರ್ಮಾನಕ್ಕೆ ಬರಲು ಬೇಕಾದದ್ದನ್ನು ಕೊಡುವುದು.

ಈಗ ನಮ್ಮ ಬುದಯ್ಯಕ್ಕೆ ಬರೋಣ. ಇಲ್ಲಿರುವ ನಮ್ಮ ಹುಡುಗನೊಬ್ಬ, ಮೂಲತಃ ಕುಂದಾಪುರ ಕಡೆಯವನು, ಹಗಲು ಗೋದಾಮಿನ ಲೆಕ್ಕ ನೋಡುತ್ತ ರಾತ್ರಿ ಗೆಳೆಯರ ಜೊತೆ ಸೇರಿ ಮನೆಪಾಠದ ಆಪ್ ಮಾಡಿದ. ಅವನು ಬರೆದ ಪ್ಯಾರಾ ಹೀಗಿತ್ತು:

‘ನಿಮ್ಮ ಮಗುವಿನ ಭವಿಷ್ಯದ ಬಗ್ಗೆ ಚಿಂತೆಯೇ? ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ ಹಿಂದೆ ಬಿದ್ದರೆ ಮುಂದೆ ಬರುವುದು ಕಷ್ಟ. ನಮ್ಮ ಅತ್ಯಾಧುನಿಕ ಆಪ್‌ನಲ್ಲಿ ಎಲ್ಲ ತರಗತಿ, ಎಲ್ಲ ವಿಷಯಗಳಿಗೂ ಅತ್ಯುತ್ತಮ ಶಿಕ್ಷಕರು. ಮನೆ ಬಾಗಿಲಿಗೇ ಪಾಠ. ನೂರಕ್ಕೆ ನೂರು ಫಲಿತಾಂಶ ಖಚಿತ. ದಿನಕ್ಕೆ ಕೇವಲ 600 ಫಿಲ್ಸ್. ಇಂದೇ ಡೌನ್‌ಲೋಡ್ ಮಾಡಿ!’

‘ಚೆನ್ನಾಗಿದೆಯಾ ಅಣ್ಣ?’ ಎಂದು ಕೇಳಿದ. ಕೇಳಲಿಕ್ಕೆ ಚೆನ್ನಾಗಿಯೇ ಇತ್ತು. ಆದರೆ ವಾಟ್ಸಾಪ್‌ನಲ್ಲಿ ಉದ್ದದ ಸಂದೇಶವನ್ನು Read more ಎಂಬಲ್ಲಿ ಕತ್ತರಿಸಿ ತೋರಿಸುತ್ತದೆ. ಅದನ್ನು ಒತ್ತುವವರು ಕಡಿಮೆ. ಮೊದಲ ಎರಡು ಸಾಲಿನಲ್ಲಿ ಅವನು ಹೇಳಿದ್ದು ಚಿಂತೆ ಮತ್ತು ಸ್ಪರ್ಧೆ ಮಾತ್ರ. ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ಕೂತ ಅಪ್ಪನಿಗೆ ಚಿಂತೆ ಮೊದಲೇ ಇದೆ, ಇನ್ನೊಬ್ಬರು ಕೊಡಬೇಕಿಲ್ಲ.

ಉಳಿದ ಸಾಲುಗಳನ್ನು ಒಂದೊಂದಾಗಿ ನೋಡಿದೆವು. ‘ಎಲ್ಲ ತರಗತಿ, ಎಲ್ಲ ವಿಷಯ’ ಎಂದಿದ್ದ. ಅವನ ಬಳಿ ಇದ್ದದ್ದು ಮೂವರು ಗಣಿತ ಶಿಕ್ಷಕಿಯರು, ಮೂವರೂ ಊರಿನಲ್ಲಿರುವವರು. ಹಾಗಿದ್ದಮೇಲೆ ‘ಮನೆ ಬಾಗಿಲಿಗೇ’ ಎಂಬುದು ವಿಡಿಯೊ ಪಾಠಕ್ಕೆ ಹಾಕಿದ ಸುಳ್ಳು ಬಣ್ಣ. ನಿಜವಾಗಿಯೂ ಮನೆಗೇ ಬರುವ ಶಿಕ್ಷಕರನ್ನು ಸೇರಿಸೋಣ ಎಂದರೆ ಇನ್ನೊಂದು ತೊಡಕು. ಎಲ್‌ಎಂಆರ್‌ಎ ಕೊಟ್ಟ ಪರವಾನಗಿಯ ಹೊರಗೆ ದುಡಿಯುವಂತಿಲ್ಲ, ಫ್ಯಾಮಿಲಿ ವೀಸಾದಲ್ಲಿರುವ ಅಕ್ಕತಂಗಿಯರೂ ಪರವಾನಗಿ ಇಲ್ಲದೆ ಸಂಬಳಕ್ಕೆ ಪಾಠ ಹೇಳಿದರೆ ತೊಂದರೆಗೆ ಸಿಕ್ಕಿಕೊಳ್ಳಬಹುದು. ಪಕ್ಕದ ಯುಎಇ 2023ರ ಡಿಸೆಂಬರ್‌ನಲ್ಲಿ ಖಾಸಗಿ ಪಾಠ ಹೇಳುವವರಿಗೆಂದೇ ಎರಡು ವರ್ಷದ ಪರವಾನಗಿ ತಂದಿತು, ಅದಕ್ಕೆ ಶುಲ್ಕವೂ ಇಲ್ಲ. ದುಬೈಯಲ್ಲಿರುವ ಓದುಗರು ಇದನ್ನು ಮರೆಯಬೇಡಿ. ಕಾಗದ ಸರಿ ಇಲ್ಲದ ಶಿಕ್ಷಕರ ಹೆಸರಲ್ಲಿ ಜಾಹೀರಾತು ಬರೆಯುವುದೆಂದರೆ ಅವರ ಕೆಲಸವನ್ನೇ ಅಡ ಇಟ್ಟಂತೆ.

‘ನೂರಕ್ಕೆ ನೂರು ಖಚಿತ’ ಎಂಬುದನ್ನು ಹೊಡೆದುಹಾಕಲು ಅವನು ಸುಲಭವಾಗಿ ಒಪ್ಪಲಿಲ್ಲ. ‘ಎಲ್ಲರೂ ಹಾಗೇ ಬರೆಯುತ್ತಾರಲ್ಲ’ ಎಂದ. ಭಾರತದ ಜಾಹೀರಾತು ಮಾನದಂಡ ಮಂಡಳಿ 2023ರಲ್ಲಿ ಶಿಕ್ಷಣದ ಜಾಹೀರಾತುಗಳಿಗೆ ನಿಯಮ ಬಿಗಿ ಮಾಡಿ, ಕಡಿಮೆ ಅಂಕದ ಮಕ್ಕಳನ್ನು ಸೋತವರೆಂದು ತೋರಿಸಬಾರದು, ಸುಳ್ಳು ಅವಸರ ಹುಟ್ಟಿಸಬಾರದು ಎಂದಿದೆ. ಅದು ಇಲ್ಲಿ ಅನ್ವಯವಾಗದಿರಬಹುದು. ಆದರೆ ಅಂಕ ಬರುವುದು ಮಗುವಿನ ಕೈಯಲ್ಲಿ, ಶಾಲೆಯ ಕೈಯಲ್ಲಿ. ಆಪ್‌ನ ಕೈಯಲ್ಲಿ ಇರುವುದು ಪಾಠ ಹೊತ್ತಿಗೆ ಸರಿಯಾಗಿ ನಡೆಯುವುದು. ತನ್ನ ಕೈಯಲ್ಲಿ ಇರುವುದನ್ನಷ್ಟೇ ಮಾತು ಕೊಡಬೇಕು.

ಇನ್ನು 600 ಫಿಲ್ಸ್. ತಿಂಗಳಿಗೆ 18 ದಿನಾರ್ ಅನ್ನು 30ರಿಂದ ಭಾಗಿಸಿದ್ದ. ಆದರೆ ಪಾಠ ದಿನವೂ ಇಲ್ಲ, ತಿಂಗಳಿಗೆ 12 ಮಾತ್ರ. ಒಂದು ಪಾಠಕ್ಕೆ ಬೀಳುವುದು ಒಂದೂವರೆ ದಿನಾರ್. ಒಂದೂವರೆ ದಿನಾರ್ ಎಂದೇ ಬರೆದರೆ ಯಾರೂ ಓಡಿಹೋಗುವುದಿಲ್ಲ ಮಾರಾಯ್ರೆ. 600 ಎಂದು ಓದಿ ಸೇರಿದವರು ಮಾತ್ರ ಮೊದಲ ಬಿಲ್ಲಿಗೇ ಮುಖ ಗಂಟಿಕ್ಕುತ್ತಾರೆ.

ಹೊತ್ತು ಗೊತ್ತುಮಾಡುವುದರಲ್ಲೇ ನಮಗೆ ಹೆಚ್ಚು ಸಮಯ ಹೋಯಿತು, ಮತ್ತು ಆ ಪ್ಯಾರಾದ ಜೀವವೂ ಅಲ್ಲೇ ಇದೆ. ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಬುದಯ್ಯದಲ್ಲಿ ಸಂಜೆ 6 ಎಂದರೆ ಉಡುಪಿಯಲ್ಲಿ ರಾತ್ರಿ 8.30. ಇಲ್ಲಿ 8 ಗಂಟೆಗೆ ಪಾಠ ಇಟ್ಟರೆ ಅಲ್ಲಿ ಟೀಚರ್ 10.30ಕ್ಕೆ ಕಣ್ಣು ಉಜ್ಜುತ್ತ ಕೂರಬೇಕು, ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ. ಇಲ್ಲಿ ಶುಕ್ರವಾರ, ಶನಿವಾರ ರಜೆ. ಆದರೆ ಶುಕ್ರವಾರ ಬೆಳಿಗ್ಗೆ ಆ ಟೀಚರ್ ಊರಿನ ಶಾಲೆಯಲ್ಲಿರುತ್ತಾರೆ. ಅವರಿಗೆ ರಜೆಯಿರುವ ಭಾನುವಾರ ನಮ್ಮ ಮಕ್ಕಳಿಗೆ ಶಾಲೆ. ಇಷ್ಟೆಲ್ಲ ಹೊಂದಿಸಿದಾಗ ಉಳಿದದ್ದು ಭಾನುವಾರ, ಮಂಗಳವಾರ, ಗುರುವಾರ ಸಂಜೆ 6. ಇಸಾ ಟೌನ್ ಕಡೆಯ ಶಾಲೆಯಿಂದ ಬಸ್ಸಿನಲ್ಲಿ ಬುದಯ್ಯಕ್ಕೆ ಬಂದು, ಊಟ ಮಾಡಿ, ಒಂದು ನಿದ್ದೆ ತೆಗೆದ ಮಗುವಿಗೂ ಅದು ಸರಿಯಾದ ಹೊತ್ತು. ಪ್ಯಾರಾದಲ್ಲಿ ಆ ಹೊತ್ತು ಕಂಡಾಗ ತಾಯಿಗೆ ಗೊತ್ತಾಗುತ್ತದೆ, ಇದನ್ನು ಬರೆದವರಿಗೆ ಇಲ್ಲಿನ ದಿನಚರಿ ತಿಳಿದಿದೆ ಎಂದು.

ಕೊನೆಗೆ ನಿಂತ ಪ್ಯಾರಾ ಇದು:

‘ಬುದಯ್ಯ ಸುತ್ತಮುತ್ತ ಇರುವ, 6ರಿಂದ 8ನೇ ತರಗತಿ ಸಿಬಿಎಸ್‌ಇ ಗಣಿತದಲ್ಲಿ ಸಹಾಯ ಬೇಕಾದ ಮಕ್ಕಳಿಗೆ: ಭಾನುವಾರ, ಮಂಗಳವಾರ, ಗುರುವಾರ ಸಂಜೆ 6ರಿಂದ 6.45, ಊರಿನ ಗಣಿತ ಟೀಚರ್ ವಿಡಿಯೊದಲ್ಲಿ ಪಾಠ ಮಾಡುತ್ತಾರೆ. ಗುಂಪಿನಲ್ಲಿ ನಾಲ್ಕೇ ಮಕ್ಕಳು, ವರ್ಷವಿಡೀ ಒಬ್ಬರೇ ಟೀಚರ್, ಅರ್ಥವಾಗದಿದ್ದರೆ ಕನ್ನಡದಲ್ಲೂ ಹೇಳಿಕೊಡುತ್ತಾರೆ. ಪ್ರತಿ ಗುರುವಾರ ಮಗು ತಾನೇ ಬಿಡಿಸಿದ ಐದು ಲೆಕ್ಕಗಳ ಫೋಟೊ ನಿಮ್ಮ ಫೋನಿಗೆ ಬರುತ್ತದೆ. ತಿಂಗಳಿಗೆ 12 ಪಾಠ, 18 ದಿನಾರ್. ಮೊದಲ ಎರಡು ಪಾಠ ಉಚಿತ, ಕಾರ್ಡ್ ನಂಬರ್ ಬೇಡ. ಬಿಡಬೇಕೆನಿಸಿದರೆ ತಿಂಗಳು ಮುಗಿಯುವ ಮೊದಲು ಒಂದು ಮೆಸೇಜ್ ಸಾಕು. ಮಗು ಎಷ್ಟನೇ ತರಗತಿ ಎಂದು ಮಾತ್ರ ಬರೆದು ಕಳಿಸಿ, ಬಂದು ಕೂರುವ ದಿನ ತಿಳಿಸುತ್ತೇವೆ.’

ಐದು ಲೆಕ್ಕದ ಫೋಟೊ ಎಂಬ ಸಾಲು ಒಬ್ಬ ತಾಯಿಯಿಂದ ಬಂದದ್ದು. ‘ನನಗೆ ಗಣಿತ ಬರುವುದಿಲ್ಲ, ಪಾಠ ಸರಿಯಾಗಿ ಆಗುತ್ತಿದೆಯೋ ಎಂದು ಹೇಗೆ ನೋಡಲಿ?’ ಎಂದು ಅವರು ಕೇಳಿದ್ದರು. ಆಪ್‌ನವರು ತೋರಿಸುವ ಬಣ್ಣದ ಗ್ರಾಫಿಗಿಂತ ಮಗುವಿನ ಕೈಬರಹ ಅವರಿಗೆ ಹೆಚ್ಚು ಹೇಳುತ್ತದೆ. ಕಾರ್ಡ್ ನಂಬರ್ ಬೇಡ ಎಂಬುದಕ್ಕೂ ಕಾರಣವಿದೆ. ಉಚಿತ ಎಂದು ಸೇರಿಸಿಕೊಂಡು ಆಮೇಲೆ ತಾನಾಗಿ ಹಣ ಕತ್ತರಿಸುವ ಪದ್ಧತಿಯ ಬಗ್ಗೆ ಭಾರತದ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರ್‌ನಲ್ಲಿ ಪೋಷಕರನ್ನು ಎಚ್ಚರಿಸಿತ್ತು. ಮಗುವಿನ ಹೆಸರು, ಶಾಲೆ, ಫೋಟೊ ಯಾವುದನ್ನೂ ಮೊದಲ ಮೆಸೇಜಿನಲ್ಲಿ ಕೇಳಿಲ್ಲ. ಬಹ್ರೇನ್‌ನಲ್ಲಿ 2019ರ ಆಗಸ್ಟ್‌ನಿಂದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಾರಿಯಲ್ಲಿದೆ. ಬೇಡದ ಮಾಹಿತಿ ಕೇಳದಿರುವುದೇ ಸಣ್ಣವರಿಗೆ ಕ್ಷೇಮ.

ಪ್ಯಾರಾ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ. ಅದನ್ನು ಪರಿಚಯದ ಒಬ್ಬ ಪೋಷಕರಿಗೆ ಫೋನಿನಲ್ಲಿ ಒಮ್ಮೆ ಓದಿ ಹೇಳಿ. ನಂತರ ಕೇಳಿ: ಯಾರು ಪಾಠ ಮಾಡುತ್ತಾರೆ, ಯಾವಾಗ, ಎಷ್ಟು ದುಡ್ಡು, ಬಿಡುವುದು ಹೇಗೆ? ನಾಲ್ಕಕ್ಕೂ ಉತ್ತರ ಬಂದರೆ ಸರಿ. ‘ಒಳ್ಳೆಯ ಆಪ್ ಅಂತೆ’ ಎಂದಷ್ಟೇ ಬಂದರೆ ಮತ್ತೆ ಬರೆಯಬೇಕು. ನಮ್ಮ ಹುಡುಗ ಮೂವರಿಗೆ ಓದಿದ. ಇಬ್ಬರು ನಾಲ್ಕೂ ಹೇಳಿದರು. ಮೂರನೆಯವರು, ಹತ್ತನೇ ತರಗತಿಯ ಮಗನ ತಂದೆ, ‘ಹಾಗಾದರೆ ಇದು ನಮಗಲ್ಲ’ ಎಂದರು. ಹುಡುಗನಿಗೆ ಬೇಸರವಾಯಿತು. ನನಗೆ ಆಗಲಿಲ್ಲ. ಅವರಿಗೆ ಮೊದಲ ಸಾಲಿನಲ್ಲೇ ಗೊತ್ತಾಯಿತಲ್ಲ, 18 ದಿನಾರ್ ಕೊಟ್ಟ ಮೇಲೆ ಅಲ್ಲವಲ್ಲ.