ಮೀರದ, ಮೀರಿದ

ಮುದ್ರಣಾಲಯವೊಂದರಲ್ಲಿ ಕಾಯುತ್ತ ಕೂತಿದ್ದಾಗ ಪಕ್ಕದ ಮೇಜಿನ ಮಾತು ಕಿವಿಗೆ ಬಿತ್ತು. ಕಾನೂನು ಕೈಪಿಡಿಯೊಂದರ ಕನ್ನಡ ಅನುವಾದದ ಕರಡು ತಿದ್ದಿ ಮುಗಿಸಿದ್ದವರು ಪ್ರಕಾಶಕರಿಗೆ ಹೇಳುತ್ತಿದ್ದರು: "ಪೂರ್ತಿ ಓದಿದೆ ಸಾರ್, ಎಲ್ಲೂ ತಡೆಯಲಿಲ್ಲ. ಅನುಮಾನ ಬಂದ ಕಡೆ ಮಾತ್ರ ಇಂಗ್ಲಿಷ್ ತೆಗೆದು ನೋಡಿದೆ." ಪ್ರಕಾಶಕರು ಸಮಾಧಾನದಿಂದ ತಲೆಯಾಡಿಸಿದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಅನುವಾದವನ್ನು "ಓದಿಸಿಕೊಂಡು ಹೋಗುತ್ತದೆ" ಎಂದು ಹೊಗಳುವ ವಿಮರ್ಶೆಗಳ ಬಗ್ಗೆ ನನಗಿರುವ ಸಿಟ್ಟು ಈ ಅಂಕಣದ ಓದುಗರಿಗೆ ಹೊಸದಲ್ಲ. ಓದಿಸಿಕೊಂಡು ಹೋಗುವ ಅನುವಾದದಲ್ಲಿ ಮೂಲದ ಒಂದು ವಾಕ್ಯವೇ ಇಲ್ಲದಿರಬಹುದು. ಇಲ್ಲದ ವಾಕ್ಯ ಯಾರನ್ನೂ ತಡೆಯುವುದಿಲ್ಲ.

ಓಲೆಗರಿಯ ಲಿಪಿಕಾರರ ಬಗ್ಗೆ ಹಿಂದೆ ಬರೆದದ್ದು ನೆನಪಿರಬಹುದು. ಎರಡು ಸಾಲುಗಳು ಒಂದೇ ಪದದಲ್ಲಿ ಮುಗಿದರೆ, ಮೊದಲನೆಯದನ್ನು ಬರೆದು ತಲೆಯೆತ್ತಿದವನ ಕಣ್ಣು ಎರಡನೆಯದರ ಮೇಲೆ ಹೋಗಿ ಕೂರುತ್ತದೆ. ನಡುವಿನದು ಮಾಯವಾಗುತ್ತದೆ. ಗ್ರಂಥಸಂಪಾದನೆ ಮಾಡುವವರಿಗೆ ಇದು ದಿನನಿತ್ಯದ ಸಂಗತಿ. ಅನುವಾದಕರ ಕಣ್ಣೂ ಹೀಗೆಯೇ ಜಿಗಿಯುತ್ತದೆ. ಇಂಗ್ಲಿಷ್ ಕಾಯಿದೆಯಲ್ಲಿ ಒಂದರ ಕೆಳಗೊಂದು ಬರುವ ಪರಂತುಕಗಳೆಲ್ಲ ಒಂದೇ ಪದದಿಂದ ಶುರುವಾಗುತ್ತವೆ. ಮೊದಲನೆಯದನ್ನು ಅನುವಾದಿಸಿ ಮತ್ತೆ ಮೂಲ ನೋಡಿದಾಗ ಕಣ್ಣು ಮೂರನೆಯದಕ್ಕೆ ಹೋದರೆ ಎರಡನೆಯದು ಹೋಯಿತೆಂದೇ ಅರ್ಥ. ಇದು ಸೋಮಾರಿತನದ ತಪ್ಪಲ್ಲ. ಎಚ್ಚರದಿಂದ ಕೆಲಸ ಮಾಡುವವರಿಗೂ ಆಗುತ್ತದೆ.

ಹೀಬ್ರೂ ಬೈಬಲನ್ನು ಪ್ರತಿ ಮಾಡಿ ಉಳಿಸಿದ ಮಸೊರೆಟ್ ವಿದ್ವಾಂಸರು ಇದಕ್ಕೆ ಕಂಡುಕೊಂಡ ದಾರಿ ಎಣಿಕೆ. ಆದಿಕಾಂಡಕ್ಕೆ 1534 ವಚನ, ಮೊದಲ ಐದು ಗ್ರಂಥಗಳಿಗೆ ಒಟ್ಟು 5845 ಎಂದು ಲೆಕ್ಕವಿಟ್ಟರು. ಗ್ರಂಥದ ನಡುಮಧ್ಯ ಎಲ್ಲಿ ಬರುತ್ತದೆ ಎಂದೂ ಗುರುತು ಮಾಡಿದರು. ಪ್ರತಿ ಮುಗಿದ ಮೇಲೆ ಎಣಿಕೆ ಹೊಂದದಿದ್ದರೆ ಎಲ್ಲೋ ಏನೋ ಬಿದ್ದುಹೋಗಿದೆ. ಋಗ್ವೇದದ 1028 ಸೂಕ್ತಗಳಿಗೆ ಅನುಕ್ರಮಣಿಗಳಿವೆ. ಅವುಗಳ ಜೊತೆಗೆ ಪದಪಾಠ, ಕ್ರಮಪಾಠ, ಘನಪಾಠಗಳೂ ಇವೆ. ಘನಪಾಠದಲ್ಲಿ ಒಂದೊಂದು ಪದವೂ ಅಕ್ಕಪಕ್ಕದ ಪದಗಳೊಂದಿಗೆ ಹಿಂದುಮುಂದಾಗಿ ಮತ್ತೆ ಮತ್ತೆ ಬರುವುದರಿಂದ ಒಂದನ್ನು ಕೈಬಿಟ್ಟರೆ ಸರಪಳಿಯೇ ಕಳಚುತ್ತದೆ. ಈ ಎರಡು ಪರಂಪರೆಗಳಿಗೂ ಗೊತ್ತಿದ್ದ ಸತ್ಯ ಒಂದೇ: ಅರ್ಥದ ಮೇಲೆ ಗಮನವಿಟ್ಟು ಓದುವಾಗ ಮನಸ್ಸು ಖಾಲಿಯನ್ನು ತಾನೇ ತುಂಬಿಕೊಂಡುಬಿಡುತ್ತದೆ. ಆದ್ದರಿಂದ ಕಾವಲಿಗೆ ಅರ್ಥವನ್ನಲ್ಲದೆ ಬೇರೆಯದನ್ನು ನಿಲ್ಲಿಸಬೇಕು.

ಅನುವಾದದಲ್ಲಿ ವಾಕ್ಯಗಳನ್ನು ಎಣಿಸಿ ಪ್ರಯೋಜನವಿಲ್ಲ. ಇಂಗ್ಲಿಷಿನ ಒಂದು ಉದ್ದ ವಾಕ್ಯ ಕನ್ನಡದಲ್ಲಿ ಎರಡೋ ಮೂರೋ ಆಗಬಹುದು, ಆಗಬೇಕು ಕೂಡ. ಒಡೆಯದ, ಬೆರೆಯದ ವಸ್ತುಗಳನ್ನು ಎಣಿಸಬೇಕು: ಖಂಡಗಳ ಸಂಖ್ಯೆ, ಪರಂತುಕಗಳು, ಅಂಕಿಗಳು, ಹೆಸರುಗಳು, ಅಡಿಟಿಪ್ಪಣಿಗಳು.

ಇಷ್ಟು ಬರೆದು, ಹೀಗೆ ನೋಡಬೇಕಾದವುಗಳದೊಂದು ಪಟ್ಟಿ ಕೊಟ್ಟರೆ ಸಾಕೆಂದುಕೊಂಡಿದ್ದೆ. ಆದರೆ ಪಕ್ಕದ ಮೇಜಿನ ಆ ಮಾತನ್ನು ಮತ್ತೆ ನೆನೆದಾಗ ಹೊಳೆಯಿತು: ಕಣ್ಣು ಎಲ್ಲಿಂದ ಹೊರಡುತ್ತದೆ ಎನ್ನುವುದೇ ಇಲ್ಲಿನ ಪ್ರಶ್ನೆ. ಅನುವಾದದಿಂದ ಹೊರಟು, ಅನುಮಾನ ಬಂದಾಗ ಮೂಲಕ್ಕೆ ಹೋಗುವವರಿಗೆ ಬಿಟ್ಟುಹೋದದ್ದು ಎಂದೂ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಅನುಮಾನ ಹುಟ್ಟಿಸಲು ಏನೂ ಇಲ್ಲ. ಪಟ್ಟಿ ಎಷ್ಟೇ ಉದ್ದವಿರಲಿ, ಮೊದಲ ಸುತ್ತು ಮೂಲದಿಂದಲೇ ಹೊರಡಬೇಕು. ಪೆನ್ಸಿಲ್ ಹಿಡಿದು ಮೂಲದ ಪ್ರತಿ ಉಪವಾಕ್ಯಕ್ಕೂ ಕನ್ನಡದಲ್ಲಿ ಅದರ ಜಾಗ ಸಿಕ್ಕಿದ ಮೇಲಷ್ಟೇ ಗೀಟು ಹಾಕಬೇಕು. ಅಂಕಿಗಳಿಗೂ ನಿಷೇಧಗಳಿಗೂ ಬೇರೆ ಬೇರೆ ಸುತ್ತು.

ನಮ್ಮ ಸಂವಿಧಾನದ 22ನೇ ಅನುಚ್ಛೇದದಲ್ಲಿ ಬಿಟ್ಟುಹೋಗುವ ತುಣುಕು, ಅಂಕಿ, ನಿಷೇಧ ಈ ಮೂರೂ ಅಪಾಯಗಳು ಒಟ್ಟಿಗೆ ಸಿಗುತ್ತವೆ. ಬಂಧಿತನನ್ನು 24 ಗಂಟೆಗಳೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುವುದು ಅದರ ಎರಡನೇ ಖಂಡ. ಬಂಧಿಸಿದ ಸ್ಥಳದಿಂದ ನ್ಯಾಯಾಲಯಕ್ಕೆ ಹೋಗಲು ಬೇಕಾದ ಪ್ರಯಾಣದ ಸಮಯ ಆ 24 ಗಂಟೆಗಳಲ್ಲಿ ಸೇರುವುದಿಲ್ಲ. ವಾಕ್ಯದ ನಡುವೆ ಸಿಕ್ಕಿಕೊಂಡ ಈ ತುಣುಕೇ ಬಿದ್ದುಹೋಗುವಂಥದ್ದು. ಅದಿಲ್ಲದೆಯೂ ವಾಕ್ಯ ಪೂರ್ಣವಾಗಿ ಕಾಣುತ್ತದೆ, ವ್ಯಾಕರಣಕ್ಕೆ ಕುಂದಿಲ್ಲ, 24 ಕೂಡ ಸರಿಯಾಗಿಯೇ ಇದೆ. ಮೂಲದ ಮೇಲೆ ಗೀಟು ಹಾಕುತ್ತ ಬಂದವರಿಗೆ ಮಾತ್ರ ಗೀಟಿಲ್ಲದ ಒಂದು ತುಂಡು ಉಳಿದದ್ದು ಕಾಣುತ್ತದೆ.

ಅದೇ ಖಂಡದ ಉತ್ತರಾರ್ಧದಲ್ಲಿ ಎರಡು ನಿಷೇಧಗಳಿವೆ: ಮ್ಯಾಜಿಸ್ಟ್ರೇಟರ ಅಧಿಕಾರವಿಲ್ಲದೆ ಆ ಅವಧಿಯ ಆಚೆಗೆ ಯಾರನ್ನೂ ಬಂಧನದಲ್ಲಿ ಇಡತಕ್ಕದ್ದಲ್ಲ. ಎರಡೂ ಉಳಿದರೆ ಸರಿ. ಎರಡನ್ನೂ ತೆಗೆದು "ಅಧಿಕಾರವಿದ್ದರೆ ಮಾತ್ರ ಇಡಬಹುದು" ಎಂದರೆ ತರ್ಕ ಉಳಿಯುತ್ತದೆ, ಆದರೆ ನಿರ್ಬಂಧದ ಮಾತು ಅನುಮತಿಯ ಮಾತಾಗುತ್ತದೆ. ಕಾನೂನಿನಲ್ಲಿ ನಾನು ಅದನ್ನು ಒಪ್ಪಲಾರೆ. ಒಂದೇ ಒಂದು ಹೋದರೆ ನಾಗರಿಕನ ರಕ್ಷಣೆಯೇ ಹೋಯಿತು. ಆದ್ದರಿಂದ ಮೂಲದ ನಿಷೇಧಗಳನ್ನು ಎಣಿಸಿ ಅಂಚಿನಲ್ಲಿ ಬರೆದಿಟ್ಟುಕೊಂಡು ಕನ್ನಡದಲ್ಲೂ ಎಣಿಸುವುದು ಒಳ್ಳೆಯದು. ಸಮ ಇದ್ದದ್ದು ಬೆಸವಾಗಿದ್ದರೆ ಅಲ್ಲಿ ನಿಲ್ಲಬೇಕು. ಎಣಿಸುವಾಗ "ನಿರಾಕರಿಸು", "ತಪ್ಪು", "ಹೊರತು" ಇವನ್ನೂ ಸೇರಿಸಿಕೊಳ್ಳಬೇಕು, ಅವುಗಳೊಳಗೂ ನಿಷೇಧವಿದೆ.

ಕನ್ನಡದಲ್ಲಿ ಇನ್ನೊಂದು ಕಷ್ಟವಿದೆ, ನನಗೆ ಹೆಚ್ಚು ಭಯ ಅದರದ್ದೇ. ಇಂಗ್ಲಿಷಿನಲ್ಲಿ ನಿಷೇಧ ಸಾಮಾನ್ಯವಾಗಿ ಒಂದು ಬಿಡಿಪದ. ನಮ್ಮಲ್ಲಿ ಅದು ಬಹಳ ಸಲ ಕ್ರಿಯಾಪದದೊಳಗೇ ಅಡಗಿ, ಒಂದು ಗುಡಿಸಿನ ಇರವು ಅಳಿವಿಗೆ ಇಳಿದುಬಿಡುತ್ತದೆ. ಪಾವತಿಸಿದ, ಪಾವತಿಸದ. ಒಪ್ಪಿದ, ಒಪ್ಪದ. ಮೀರಿದ, ಮೀರದ. ಎರಡೂ ಸಾಧುರೂಪಗಳಾದ್ದರಿಂದ ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ತಕರಾರು ಮಾಡುವುದಿಲ್ಲ.

22ನೇ ಅನುಚ್ಛೇದದ ನಾಲ್ಕನೇ ಖಂಡದಲ್ಲಿ ಇದು ಅಂಕಿಯ ಜೊತೆ ಸೇರುತ್ತದೆ. ಸಲಹಾ ಮಂಡಳಿ ಸಾಕಷ್ಟು ಕಾರಣವಿದೆಯೆಂದು ವರದಿ ಮಾಡಿದ ಹೊರತು, ಮೂರು ತಿಂಗಳು ಮೀರಿದ ಅವಧಿಯ ಮುನ್ನೆಚ್ಚರಿಕೆ ಬಂಧನಕ್ಕೆ ಯಾವ ಕಾನೂನೂ ಅಧಿಕಾರ ಕೊಡತಕ್ಕದ್ದಲ್ಲ ಎನ್ನುವುದು ಅದರ ತಿರುಳು. ಇಲ್ಲಿ ಗುಡಿಸು ಜಾರಿ "ಮೀರದ" ಆದರೆ, ಮೂರು ತಿಂಗಳೊಳಗಿನ ಬಂಧನಕ್ಕಷ್ಟೇ ಮಂಡಳಿ ಬೇಕು ಎಂಬ ತಲೆಕೆಳಗಾದ ಅರ್ಥ ಬರುತ್ತದೆ. ಅಂಕಿಯ ಸುತ್ತಿನಲ್ಲಿ ಇದು ಸಿಗದು; ಮೂರು ಮೂರಾಗಿಯೇ ಇದೆ. ಆದ್ದರಿಂದ ಅಂಕಿಯನ್ನು ಒಂಟಿಯಾಗಿ ನೋಡದೆ ಅದರ ಮಿತಿಸೂಚಕದೊಂದಿಗೆ ನೋಡಬೇಕು: ಮೀರಿದ, ಮೀರದ, ಕಡಿಮೆಯಲ್ಲದ, ಒಳಗೆ. "ಶೇಕಡಾ 20ಕ್ಕೆ ಇಳಿಯಿತು", "ಶೇಕಡಾ 20ರಷ್ಟು ಇಳಿಯಿತು" ಇವುಗಳ ನಡುವೆ ಇರುವುದೂ ಇದೇ ದೂರ. ಮಿಲಿಯನ್ ಹತ್ತು ಲಕ್ಷ, ಬಿಲಿಯನ್ ನೂರು ಕೋಟಿ ಎಂಬುದು ಎಲ್ಲರಿಗೂ ಗೊತ್ತು. ಆದರೂ 1.2 ಬಿಲಿಯನ್ 120 ಕೋಟಿಯಾಗುವ ಬದಲು 12 ಕೋಟಿಯಾಗುವುದುಂಟು. ಅದನ್ನು ಪ್ರತಿ ಸಲವೂ ಕಾಗದದ ಮೇಲೆ ಗುಣಿಸಿಯೇ ನೋಡಬೇಕು.

ಆ ಮೂರು ತಿಂಗಳ ಬಗ್ಗೆ ಒಂದು ಮಾತು. 1978ರ 44ನೇ ತಿದ್ದುಪಡಿ ಅದನ್ನು ಎರಡು ತಿಂಗಳಿಗೆ ಇಳಿಸಿತು, ಆದರೆ ಆ ಭಾಗವನ್ನು ಜಾರಿಗೆ ತರಲಿಲ್ಲ. ಕರಡಿನಲ್ಲಿ "ಎರಡು" ಎಂದಿದ್ದರೆ ಅದು ಅನುವಾದಕರ ಕೈತಪ್ಪೂ ಆಗಿರಬಹುದು, ಅವರು ಮುಂದಿಟ್ಟುಕೊಂಡ ಪ್ರತಿಯೇ ಬೇರೆಯೂ ಆಗಿರಬಹುದು. ತಿದ್ದುವ ಮೊದಲು ಅವರು ಬಳಸಿದ ಮೂಲವನ್ನೇ ಕೇಳಿ ತರಿಸಿಕೊಳ್ಳಬೇಕು.

ಈ ಸುತ್ತುಗಳಿಗೂ ಸಿಗದ ತಪ್ಪುಗಳಿವೆ. "ಎಲ್ಲ ಸದಸ್ಯರೂ ಮತ ಹಾಕಲಿಲ್ಲ" ಎಂದರೆ ಒಬ್ಬರೂ ಹಾಕಲಿಲ್ಲವೋ, ಕೆಲವರು ಹಾಕಿದರೋ? ನಿಷೇಧದ ಎಣಿಕೆ ಸರಿಯಿದ್ದೂ ಅರ್ಥ ತೂಗಾಡುತ್ತದೆ. ಇಂಥ ಕಡೆ ಗೀಟು ಹಾಕದೆ ಪ್ರಶ್ನೆಚಿಹ್ನೆ ಹಾಕಿ ಅನುವಾದಕರಿಗೆ ಕಳಿಸುವುದೇ ಸರಿ.

ಅನುವಾದಕರೇ ತಮ್ಮದನ್ನು ಪರಿಶೀಲಿಸಿದರೆ ಸಾಲದು, ಮೂಲದೊಂದಿಗೆ ಇನ್ನೊಬ್ಬರು ಹೋಲಿಸಿ ನೋಡಬೇಕೆಂದು 2015ರ ಐಎಸ್‌ಓ 17100 ಮಾನದಂಡ ಹೇಳುತ್ತದೆ. ಹಳೆಯ ಅಚ್ಚುಕೂಟಗಳಲ್ಲಿ ಇಬ್ಬರು ಕೂತು, ಒಬ್ಬರು ಹಸ್ತಪ್ರತಿಯನ್ನು ಜೋರಾಗಿ ಓದುತ್ತಿದ್ದರೆ ಇನ್ನೊಬ್ಬರು ಅಚ್ಚಿನ ಮೇಲೆ ಬೆರಳು ಸರಿಸುತ್ತಿದ್ದರು. ಅನುವಾದಕ್ಕೂ ಅದು ಒಗ್ಗುತ್ತದೆ, ಓದುವವರ ಕೈಯಲ್ಲಿ ಮೂಲ ಇದ್ದರೆ. ಅವರು ಉಪವಾಕ್ಯದಿಂದ ಉಪವಾಕ್ಯಕ್ಕೆ ನಿಲ್ಲಬೇಕು. ಕನ್ನಡ ಹಿಡಿದವರು ಅದರ ಜಾಗ ಸಿಕ್ಕಿತೆಂದು ಹೇಳುವವರೆಗೆ ಮುಂದಿನದನ್ನು ಓದಬಾರದು. ಮುದ್ರಣಾಲಯದ ಆ ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ ಎಂದು ಕೇಳಿದೆ. ಅದರಲ್ಲಿ 22ನೇ ಅನುಚ್ಛೇದದ ನಾಲ್ಕನೇ ಖಂಡವಿದ್ದರೆ ಅದನ್ನಾದರೂ ಹೀಗೆ ಇಬ್ಬರು ಕೂತು ಓದಲಿ ಎಂದು ಪ್ರಕಾಶಕರಿಗೆ ಬರೆದಿದ್ದೇನೆ.